ಅಪ್‌ಡೇಟ್: ಬಡ್ತಿ ಮಾತುಕತೆಗೆ ವರ್ಷದ ಕೆಲಸದ ಪುರಾವೆ ಹುಡುಕಿದೆ

ನಾನು ಕೇಳಿದ್ದು: “ಮುಂದಿನ ತಿಂಗಳು ಬಡ್ತಿ ಬಗ್ಗೆ ಮ್ಯಾನೇಜರ್ ಜೊತೆ ಮಾತಾಡಬೇಕು. ವರ್ಷವಿಡೀ ಮಾಡಿದ್ದನ್ನು ಎಲ್ಲೂ ಬರೆದಿಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ?”

ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಮೊದಲು ಕ್ಯಾಲೆಂಡರ್ ತೆಗೆದು ಒಂದೊಂದೇ ತಿಂಗಳು ನೋಡಿದೆ. ಆಮೇಲೆ ಒಂದು ವರ್ಷದ ನನ್ನ ಕಮಿಟ್‌ಗಳನ್ನು ಪಟ್ಟಿ ಮಾಡೋಕೆ ಈ ಕಮಾಂಡ್ ಓಡಿಸಿದೆ:

```
git log --all --author="ನನ್ನ ಇಮೇಲ್" --since="1 year ago" --oneline
```

ಮರೆತೇಹೋಗಿದ್ದ ಕೆಲಸಗಳು ಸಿಕ್ಕವು. ಆದರೆ ಕಮಿಟ್ ಪಟ್ಟಿ ಏನು ಮಾಡಿದೆ ಅಂತ ಹೇಳುತ್ತದೆ, ಅದರಿಂದ ಯಾರಿಗೆ ಏನಾಯ್ತು ಅಂತ ಹೇಳಲ್ಲ. ಹಾಗಾಗಿ ನಾಲ್ಕೇ ಕೆಲಸ ಆರಿಸಿಕೊಂಡೆ.

ಅದರಲ್ಲಿ ದೊಡ್ಡದು ಬಿಲ್ ತಾಳೆ ನೋಡುವ ಜಾಬ್. ಬೆಳಿಗ್ಗೆ 6ಕ್ಕೆ ಶುರುವಾದರೆ ಈಗ 6:35ಕ್ಕೆ ಮುಗಿಯುತ್ತದೆ. ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು? ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ 90 ದಿನದ ಮಾಹಿತಿ ಮಾತ್ರ ಇರುತ್ತದೆ, ನಾನು ಸರಿಮಾಡಿದ್ದು ಆಗಸ್ಟ್‌ನಲ್ಲಿ. ತುಂಬಾ ಬೇಜಾರಾಯ್ತು. ಕೊನೆಗೆ ಜುಲೈನ ಒಂದು ಟಿಕೆಟ್ ಸಿಕ್ಕಿತು. “9 ಗಂಟೆಗೆ ಬೇಕಾದ ರಿಪೋರ್ಟ್ ಬಂದಿಲ್ಲ” ಅಂತ ಅಕೌಂಟ್ಸ್‌ನವರು ಬರೆದಿದ್ದರು. ಅದಕ್ಕೆ ಲಗತ್ತಿಸಿದ್ದ ಲಾಗ್‌ನಲ್ಲಿ ಮುಗಿದ ಸಮಯ 9:50! ಹಳೆಯ ಅಂಕಿ, ಯಾರಿಗೆ ತೊಂದರೆಯಾಗಿತ್ತು ಅನ್ನೋದು, ಎರಡೂ ಒಂದೇ ಕಡೆ ಸಿಕ್ಕಿತು.

ಈ ಜಾಬ್ ಬೇಗ ಮುಗಿಯೋಕೆ ಡೇಟಾಬೇಸ್ ಇಂಡೆಕ್ಸ್ ಹಾಕಿದ್ದು ಸಹೋದ್ಯೋಗಿ. ಅದನ್ನೂ ಬರೆದೆ. ಬರೆದಿದ್ದು ಒಳ್ಳೆಯದಾಯ್ತು, ಮ್ಯಾನೇಜರ್ ಮೊದಲು ಕೇಳಿದ್ದೇ “ಇದರಲ್ಲಿ ನಿಮ್ಮ ಪಾಲೆಷ್ಟು?” ಅಂತ.

ಬಡ್ತಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ಕೆಲಸವನ್ನು ಬೇರೆ ಟೀಮ್ ಬಳಸಿದ್ದಕ್ಕೆ ಪುರಾವೆ ಕೇಳಿದ್ದಾರೆ. ಈ ವಾರ ಅದನ್ನೇ ಹುಡುಕುತ್ತಿದ್ದೇನೆ.