ಪದಚರ್ಚೆ: ‘ಹಾಥಾರ್ನ್ ಎಫೆಕ್ಟ್’ ಅನ್ನು ‘ಬೆಳಕಿನ ಪರಿಣಾಮ’ ಎನ್ನಬಹುದೇ?

ಸುಮಾ: ವಾಣಿಜ್ಯ ಪದವಿಯ ಪಠ್ಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹಾಥಾರ್ನ್ ಎಫೆಕ್ಟ್’ ಬಂದಲ್ಲಿ ಕೈ ನಿಂತಿದೆ. ಹಳೆಯ ಟಿಪ್ಪಣಿಯೊಂದರಲ್ಲಿ ‘ಬೆಳಕಿನ ಪರಿಣಾಮ’ ಎಂದಿದೆ. ‘ಗಮನ ಪರಿಣಾಮ’ ಎಂದರೆ ಹೇಗೆ ಎಂಬ ಯೋಚನೆ ನನ್ನದು. ಬಲ್ಲವರು ತಿಳಿಸಬೇಕು.

ರಾಘವೇಂದ್ರ: ಹಾಥಾರ್ನ್ ಅಮೆರಿಕದ ಕಾದಂಬರಿಕಾರನಲ್ಲವೇ? ಅವನ ಬರಹದ ಪ್ರಭಾವ ಎಂದಿದ್ದರೆ ಹೆಸರನ್ನು ಹಾಗೆಯೇ ಉಳಿಸಿಕೊಳ್ಳಿ.

ಗಣೇಶ: ಕಾದಂಬರಿಕಾರನಲ್ಲ ರಾಘವೇಂದ್ರ ಅವರೇ, ಕಾರ್ಖಾನೆ. ಹಾರ್ವರ್ಡ್‌ನ ಪ್ರಾಧ್ಯಾಪಕ ಎಲ್ಟನ್ ಮೇಯೊ ಅಲ್ಲಿ ದೀಪಗಳ ಪ್ರಯೋಗ ಮಾಡಿದ. ಬೆಳಕು ಏರಿಸಿದರೂ ಕೆಲಸ ಹೆಚ್ಚಿತು, ಇಳಿಸಿದರೂ ಹೆಚ್ಚಿತು. ಯಾರೋ ನೋಡುತ್ತಿದ್ದಾರೆ ಎಂದರೆ ಜನ ಜಾಸ್ತಿ ದುಡಿಯುತ್ತಾರೆ, ಅಷ್ಟೆ. ‘ವೀಕ್ಷಣಾ ಪರಿಣಾಮ’ ಎನ್ನಿ.

ವಿಮಲಾ: ಗಣೇಶ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಶಿಕಾಗೊ ಪಕ್ಕದ ಸಿಸೆರೊದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯ ಹೆಸರು ಹಾಥಾರ್ನ್. ಬೆಳಕಿನ ಪ್ರಯೋಗ ನಡೆದದ್ದು 1924ರಿಂದ 1927ರವರೆಗೆ. ಮೇಯೊ ಅಲ್ಲಿಗೆ ಬಂದದ್ದು 1928ರಲ್ಲಿ, ಅಂದರೆ ದೀಪದ ಆಟವೆಲ್ಲ ಮುಗಿದ ಮೇಲೆ. ಒಳ್ಳೆಯ ಬೆಳಕಿದ್ದರೆ ಉತ್ಪಾದನೆ ಏರುತ್ತದೆ ಎಂದು ತೋರಿಸುವ ಆಸೆ ವಿದ್ಯುತ್ ಉದ್ಯಮಕ್ಕಿತ್ತು. ದೀಪ ಮಾರುವವರಿಗೆ ಬೇರೇನು ಬೇಕು?

ತಂತಿಯ ಸುರುಳಿ ಸುತ್ತುವ ವಿಭಾಗದಲ್ಲಿ ಕೆಲಸಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೆಳಕನ್ನು 10 ಫುಟ್‌ಕ್ಯಾಂಡಲ್‌ನಲ್ಲೇ ಉಳಿಸಿ, ಇನ್ನೊಂದಕ್ಕೆ ಒಂದೊಂದಾಗಿ ಇಳಿಸುತ್ತ 3ಕ್ಕೆ ತಂದರು. ಈಗಿನ ಲೆಕ್ಕದಲ್ಲಿ ಸುಮಾರು 108 ಲಕ್ಸ್‌ನಿಂದ 32ಕ್ಕೆ. ಎರಡೂ ಗುಂಪುಗಳ ಕೆಲಸ ನಿಧಾನವಾಗಿ ಏರುತ್ತಲೇ ಹೋಯಿತು. 3ಕ್ಕೆ ಬಂದಾಗ ಮಾತ್ರ ‘ಕಣ್ಣೇ ಕಾಣುತ್ತಿಲ್ಲ’ ಎಂಬ ದೂರು ಎದ್ದಿತು, ಉತ್ಪಾದನೆಯೂ ಕುಸಿಯಿತು. ಹಾಗಾಗಿ ‘ಇಳಿಸಿದರೂ ಹೆಚ್ಚಿತು’ ಎಂಬ ಮಾತಿಗೆ ಒಂದು ಮಿತಿ ಇದೆ. ನನಗೆ ಹಿಡಿಸುವುದು ಇನ್ನೊಂದು ಘಟನೆ. ಕೆಲಸಗಾರರು ನೋಡುತ್ತಿರುವಂತೆಯೇ ಎಲೆಕ್ಟ್ರಿಷಿಯನ್ ಬಲ್ಬ್ ತೆಗೆದು, ಅಷ್ಟೇ ಶಕ್ತಿಯ ಬಲ್ಬ್ ಹಾಕಿದ. ಬೆಳಕು ಹೆಚ್ಚಾದದ್ದು ಒಳ್ಳೆಯದಾಯಿತು ಎಂದರು ಅವರು!

ಆದ್ದರಿಂದ ‘ಬೆಳಕಿನ ಪರಿಣಾಮ’ ಎಂದರೆ ಅರ್ಥ ತಲೆಕೆಳಗಾಗುತ್ತದೆ. ‘ಗಮನ’ದಲ್ಲಿ ಬೇರೆ ತೊಡಕಿದೆ. ಕನ್ನಡದಲ್ಲಿ ಗಮನವಿಟ್ಟು ಕೆಲಸ ಮಾಡುವವನು ಕೆಲಸಗಾರ. ಇಲ್ಲಿರುವುದು ಅವನ ಮೇಲೆ ಬೇರೆಯವರು ಇಟ್ಟ ಗಮನ.

ಶಾಂತಾ: ಬೆಂಗಳೂರಿನ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ನಾನು ಲೈನ್ ಸೂಪರ್‌ವೈಸರ್ ಆಗಿದ್ದೆ. ಸಮಯ ಅಳೆಯುವವರು ಗಡಿಯಾರ ಹಿಡಿದು ಬಂದರೆ ಹೊಲಿಯುವವರ ಕೈ ನಿಧಾನವಾಗುತ್ತಿತ್ತು. ಅಂದು ಬೇಗ ಹೊಲಿದರೆ ನಾಳೆ ಅದೇ ಟಾರ್ಗೆಟ್ ಆಗುತ್ತದೆ ಎಂದು ಎಲ್ಲರಿಗೂ ಗೊತ್ತು. ನೋಡಿದರೆ ದುಡಿಮೆ ಹೆಚ್ಚುತ್ತದೆ ಎಂಬುದನ್ನು ನಾನಂತೂ ಒಪ್ಪುವುದಿಲ್ಲ.

ವಿಮಲಾ: ಶಾಂತಾ ಅವರೇ, ನೀವು ಹೇಳಿದಂಥದ್ದೂ ಹಾಥಾರ್ನ್‌ನಲ್ಲೇ ಕಂಡಿತ್ತು. 1931–32ರಲ್ಲಿ ಟೆಲಿಫೋನ್ ಸ್ವಿಚ್ ಜೋಡಿಸುವ 14 ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ, ಒಬ್ಬ ವೀಕ್ಷಕನನ್ನು ಅಲ್ಲೇ ಇರಿಸಿದ್ದರು. ದಿನಕ್ಕೆ ಇಷ್ಟು ಸಾಕು ಎಂದು ಅವರೇ ತಮ್ಮೊಳಗೆ ಗೊತ್ತುಮಾಡಿಕೊಂಡಿದ್ದರು. ಮೀರಿದವನ ತೋಳಿಗೆ ಗುದ್ದು ಬೀಳುತ್ತಿತ್ತು. ಸಂಬಳ ಗುಂಪಿನ ಉತ್ಪಾದನೆಯ ಲೆಕ್ಕದಲ್ಲಿದ್ದರೂ ಅವರು ಕಟ್ಟುಬಿದ್ದದ್ದು ತಮ್ಮವರ ಮಾತಿಗೆ.

ಇದಕ್ಕೆ ಮುಂಚೆ, 1927ರಲ್ಲಿ, ರಿಲೇ ಎಂಬ ಟೆಲಿಫೋನ್ ಬಿಡಿಭಾಗ ಜೋಡಿಸುವ ಕೆಲವು ಹೆಣ್ಣುಮಕ್ಕಳನ್ನು ಪ್ರತ್ಯೇಕ ಕೋಣೆಗೆ ಕರೆತಂದಾಗ ಉತ್ಪಾದನೆ ಏರಿತ್ತು. ಅಲ್ಲಿಯೂ ಏರಿಕೆಗೆ ಗಮನವೊಂದೇ ಕಾರಣ ಎನ್ನಲಾಗದು. ಸಂಬಳವನ್ನು ಆ ಸಣ್ಣ ಗುಂಪಿನ ಉತ್ಪಾದನೆಗೇ ಕಟ್ಟಿದ್ದರು, ನಡುನಡುವೆ ವಿರಾಮ ಕೊಟ್ಟರು, ಇಬ್ಬರನ್ನು ತೆಗೆದು ಬೇರೆಯವರನ್ನು ತಂದರು.

ಗಣೇಶ: ಮೇಯೊ ವಿಷಯ ಒಪ್ಪಿದೆ. ಆದರೆ ಬೆಳಕಿನ ಪ್ರಯೋಗದಲ್ಲಿ ಎರಡೂ ಗುಂಪು ಏರಿದ್ದು ನೀವೇ ಹೇಳಿದ ಸಂಗತಿ. ಅದಕ್ಕೆ ವೀಕ್ಷಣೆಯಲ್ಲದೆ ಬೇರೇನು ಕಾರಣ?

ವಿಮಲಾ: ಆ ಅಂಕಿಅಂಶ ನಾಶವಾಗಿದೆ ಎಂದೇ ಬಹುಕಾಲ ನಂಬಿದ್ದರು. ಅದು ಸಿಕ್ಕ ಮೇಲೆ ಅರ್ಥಶಾಸ್ತ್ರಜ್ಞರಾದ ಲೆವಿಟ್ ಮತ್ತು ಲಿಸ್ಟ್ ಮತ್ತೆ ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದರು. ಬೆಳಕನ್ನು ಬದಲಾಯಿಸುತ್ತಿದ್ದದ್ದು ಭಾನುವಾರ. ಸೋಮವಾರದ ಕೆಲಸವನ್ನು ಶನಿವಾರದ್ದಕ್ಕೆ ಹೋಲಿಸಿದರೆ ಏರಿಕೆ ಕಾಣುತ್ತದೆ, ಆದರೆ ಬೆಳಕು ಬದಲಾಗದ ವಾರಗಳಲ್ಲೂ ಸೋಮವಾರ ಅದೇ ಏರಿಕೆ! ವೀಕ್ಷಣೆಯ ಪರಿಣಾಮಕ್ಕೆ ತೀರಾ ಮಸುಕಾದ ಸುಳಿವಷ್ಟೇ ಅವರಿಗೆ ಸಿಕ್ಕಿತು. ಪರಿಣಾಮವೇ ಗಟ್ಟಿಯಿಲ್ಲದಿರುವಾಗ ಅದರ ಕಾರಣವನ್ನು ಹೆಸರಿನಲ್ಲಿ ಕೂರಿಸುವುದೇಕೆ? ‘ಹಾಥಾರ್ನ್ ಪರಿಣಾಮ’ ಸಾಕು.

ಗಣೇಶ: ಹೆಸರು ಕೇಳಿದರೆ ಅರ್ಥ ಹೊಳೆಯದ ಪದದಿಂದ ವಿದ್ಯಾರ್ಥಿಗೆ ಏನು ಪ್ರಯೋಜನ? ರಾಘವೇಂದ್ರ ಅವರಿಗೆ ಕಾದಂಬರಿಕಾರ ನೆನಪಾದದ್ದೇ ಸಾಕ್ಷಿ.

ಸುಮಾ: ಸದ್ಯಕ್ಕೆ ‘ಹಾಥಾರ್ನ್ ಪರಿಣಾಮ’ ಎಂದು ಬರೆದು, ಅದು ಕಾರ್ಖಾನೆಯ ಹೆಸರು ಎಂದು ವಾಕ್ಯದಲ್ಲೇ ಸೇರಿಸುತ್ತೇನೆ. ಆದರೆ ಮೂಲದಲ್ಲಿ ‘ಮೇಯೊ ನಡೆಸಿದ ಬೆಳಕಿನ ಪ್ರಯೋಗ’ ಎಂದೇ ಇದೆ. ಅನುವಾದಕಿಯಾಗಿ ಅದನ್ನು ತಿದ್ದಬಹುದೇ, ಪ್ರಕಾಶಕರನ್ನು ಕೇಳಬೇಕೇ?