ಸಹಾಯ ಬೇಕು: ಸೇವ್ ಆದ್ರೂ ಸ್ಕ್ರೀನ್‌ನಲ್ಲಿ ಹಳೇ ಡೇಟಾ

ಎಲ್ಲರಿಗೂ ನಮಸ್ಕಾರ. ಗ್ರಾಹಕರ ಫೋನ್ ನಂಬರ್ ಬದಲಾಯಿಸಿ ಸೇವ್ ಒತ್ತಿದರೆ ‘ಸೇವ್ ಆಯಿತು’ ಅಂತಲೇ ಬರುತ್ತದೆ. ಪೇಜ್ ರಿಫ್ರೆಶ್ ಮಾಡಿದರೆ ಮತ್ತೆ ಹಳೇ ನಂಬರ್! ಡೇಟಾಬೇಸ್‌ನಲ್ಲಿ ಹೊಸದೇ ಇದೆ. ಸುಮ್ನೆ ಅರ್ಧ ದಿನ ಬ್ರೌಸರ್ ಮೇಲೆ ಅನುಮಾನ ಪಟ್ಟೆ. ಕೊನೆಗೆ ರೆಡಿಸ್‌ನಲ್ಲಿ ನೋಡಿದೆ:

```
> TTL customer:42
(integer) -1
```

ಅಂದರೆ ಈ ಕೀಗೆ ಅವಧಿಯೇ ಇಲ್ಲ. ಓದುವ ಕೋಡ್ ಕ್ಯಾಶ್ ತುಂಬಿಸುತ್ತದೆ, ಬರೆಯುವ ಕೋಡ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕೈಯಲ್ಲೇ `DEL customer:42` ಕೊಟ್ಟ ತಕ್ಷಣ ಸ್ಕ್ರೀನ್ ಸರಿಹೋಯಿತು.

ಆಮೇಲೆ ಅಪ್‌ಡೇಟ್ ಫಂಕ್ಷನ್‌ನಲ್ಲೇ `DEL` ಸೇರಿಸಿದೆ, ಆದರೆ ಕಮಿಟ್‌ಗೆ ಮುಂಚೆ. ಈಗ ಯಾವಾಗಲೋ ಒಮ್ಮೆ ಹಳೇ ನಂಬರ್ ವಾಪಸ್ ಬರುತ್ತದೆ, ಬಂದರೆ ಹೋಗುವುದಿಲ್ಲ. ಡಿಲೀಟ್ ಆಗಿ ಕಮಿಟ್ ಆಗುವ ಮೊದಲು ಯಾರೋ ಅದೇ ಪೇಜ್ ತೆರೆದರೆ, ಹಳೇ ಸಾಲೇ ಮತ್ತೆ ಕ್ಯಾಶ್‌ಗೆ ಸೇರುತ್ತದೆ ಅಲ್ವಾ?

ಹಾಗಾಗಿ `DEL` ಅನ್ನು ಕಮಿಟ್ ನಂತರಕ್ಕೆ ಹಾಕುತ್ತೇನೆ. ಆದರೂ ಒಂದು ಸಂದು ಉಳಿಯುತ್ತದೆ: ಕಮಿಟ್‌ಗೆ ಮುಂಚೆ ಓದಿದ ರಿಕ್ವೆಸ್ಟ್ ನಿಧಾನವಾಗಿ, ಡಿಲೀಟ್ ಆದಮೇಲೆ ಕ್ಯಾಶ್‌ಗೆ ಬರೆದರೆ? ಇದಕ್ಕೆ 5 ನಿಮಿಷದ ಅವಧಿ ಇಟ್ಟು ಸುಮ್ಮನಾಗಬಹುದಾ, ಅಥವಾ ಸಾಲಿಗೆ ವರ್ಷನ್ ನಂಬರ್ ಇಟ್ಟು ಹಳೆಯದನ್ನು ತಡೆಯಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.