ವೆಬಿನಾರ್ ಮುಗಿದ ಮೇಲಿನ ಧನ್ಯವಾದದ ಕ್ಯಾಪ್ಷನ್: ರೆಕಾರ್ಡಿಂಗ್ ಲಿಂಕ್ ಮತ್ತು ಮುಂದಿನ ದಿನಾಂಕದ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಆಳಂದದ ರೈತ ಸಂಘಟಕ): ಮೇಡಂ, ನಮಸ್ಕಾರ. ಜನವರಿ 31ರ ಶನಿವಾರ ಸಂಜೆ ತೊಗರಿ ಬೆಳೆ ವಿಮೆಯ ಬಗ್ಗೆ ಜೂಮ್‌ನಲ್ಲಿ ವೆಬಿನಾರ್ ನಡೆಸಿದೆವು. ರಾತ್ರಿಯೇ ರೆಕಾರ್ಡಿಂಗನ್ನು ಯೂಟ್ಯೂಬಿಗೆ ಏರಿಸಿ ಆರು ವಾಟ್ಸಾಪ್ ಗುಂಪುಗಳಿಗೆ ಈ ಕ್ಯಾಪ್ಷನ್ ಹಾಕಿದೆವು: "ಶರಣು ಶರಣಾರ್ಥಿ. ಬಂದವರೆಲ್ಲರಿಗೂ ಧನ್ಯವಾದಗಳು. ತಪ್ಪಿಸಿಕೊಂಡವರು ಈ ಲಿಂಕಿನಲ್ಲಿ ನೋಡಿರಿ. ಮುಂದಿನ ಶನಿವಾರ, ಫೆಬ್ರವರಿ 15ರಂದು ಸಂಜೆ 6ಕ್ಕೆ ಮತ್ತೆ ಸೇರೋಣ." ಬೆಳಿಗ್ಗೆ ನೋಡಿದರೆ, ಒಬ್ಬ ರೈತರು ಪ್ರಶ್ನೆ ಕೇಳುವಾಗ ಪಾಸ್‌ಬುಕ್ಕನ್ನು ಕ್ಯಾಮೆರಾದ ಮುಂದೆ ಹಿಡಿದು, ಮೊಬೈಲ್ ನಂಬರನ್ನೂ ಹೇಳಿದ್ದಾರೆ. ಕ್ಯಾಪ್ಷನ್ ಅಳಿಸಿದರೆ ಸಾಕೆ?

ಉತ್ತರ: ಸಾಲದು. ಇದನ್ನು ಓದುತ್ತಿದ್ದಂತೆಯೇ ಮೊದಲು ಯೂಟ್ಯೂಬ್ ಸ್ಟುಡಿಯೋ ತೆರೆದು ಆ ವೀಡಿಯೋವನ್ನು Unlisted ಎಂಬುದರಿಂದ Private ಎಂಬುದಕ್ಕೆ ಬದಲಿಸಿರಿ, ಉಳಿದ ಮಾತು ಆಮೇಲೆ. ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸುವ ಸೌಲಭ್ಯ ಸುಮಾರು ಎರಡು ದಿನ ಮಾತ್ರ ಇರುತ್ತದೆ, ಅದೂ ನೀವು ಹಾಕಿದ ಸಂದೇಶಕ್ಕೆ. ಅದನ್ನು ಬೇರೊಬ್ಬರು ತಮ್ಮ ಓಣಿಯ ಗುಂಪಿಗೆ ಫಾರ್ವರ್ಡ್ ಮಾಡಿದ್ದರೆ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಆದರೆ ಫಾರ್ವರ್ಡ್ ಮಾಡಿದ ಪ್ರತಿಯೊಂದು ಪ್ರತಿಯಲ್ಲಿಯೂ ಇರುವುದು ಅದೇ ಲಿಂಕ್, ಮತ್ತು ಆ ಲಿಂಕಿನ ಬಾಗಿಲಿನ ಕೀಲಿ ನಿಮ್ಮ ಬಳಿಯೇ ಇದೆ. ವೀಡಿಯೋ ಪ್ರೈವೇಟ್ ಆದ ಕ್ಷಣದಿಂದ ಯಾವ ಗುಂಪಿನಲ್ಲಿ ಒತ್ತಿದರೂ ಅದು ತೆರೆಯದು.

ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಆ ಭಾಗ ಇದೆ ಎಂಬುದನ್ನು ತಿಳಿಸಿರಿ.

ಆಳಂದದ ಸಂಘಟಕ: ಪ್ರೈವೇಟ್ ಮಾಡಿದೆ ಮೇಡಂ. 48 ನಿಮಿಷ 10 ಸೆಕೆಂಡಿನಿಂದ 50 ನಿಮಿಷ 25 ಸೆಕೆಂಡಿನವರೆಗೆ ಇದೆ. ಅವರು ಮಾತನಾಡುತ್ತಿದ್ದುದರಿಂದ ಅವರ ಚಿತ್ರವೇ ಪರದೆ ತುಂಬ ಇದೆ. ಖಾತೆಯ ಸಂಖ್ಯೆ, ಹೆಸರು, ಶಾಖೆ ಎಲ್ಲವನ್ನೂ ಓದಬಹುದು.

ಬಸವಕಲ್ಯಾಣದ ವಿದ್ಯಾರ್ಥಿ: ಅಷ್ಟು ಭಾಗವನ್ನು ಮಸುಕು ಮಾಡಿದರೆ ಆಯಿತಲ್ಲ? ಯೂಟ್ಯೂಬಿನಲ್ಲಿಯೇ ಬ್ಲರ್ ಇದೆ.

ಉತ್ತರ: ಬ್ಲರ್ ಇದೆ ಎಂಬುದು ನಿಜ. ಆದರೆ ಅದು ಚಿತ್ರವನ್ನು ಮಸುಕು ಮಾಡುತ್ತದೆಯೇ ಹೊರತು ಧ್ವನಿಯನ್ನು ಮುಟ್ಟುವುದಿಲ್ಲ, ಮತ್ತು ಆ ರೈತರು ನಂಬರನ್ನು ಬಾಯಿಬಿಟ್ಟು ಹೇಳಿದ್ದಾರೆ. ಪಾಸ್‌ಬುಕ್ ಹಿಡಿದ ಕೈ ಅಲುಗಾಡುವಾಗ ಮಸುಕಿನ ಚೌಕ ಹಿಂದೆ ಬಿದ್ದು ಅಂಕಿಗಳು ಒಂದೆರಡು ಕ್ಷಣ ಇಣುಕುವುದನ್ನೂ ನಾನು ನೋಡಿದ್ದೇನೆ. ಆದ್ದರಿಂದ ಇಲ್ಲಿ ಕತ್ತರಿಸುವುದೇ ಸರಿ.

ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೋದ Editor ತೆರೆದು, Trim & cut ಒತ್ತಿ, New cut ಆರಿಸಿ 48:10ರಿಂದ 50:25ರವರೆಗಿನ ಭಾಗವನ್ನು ಗುರುತಿಸಿ ಉಳಿಸಿರಿ. ಹೀಗೆ ಮಾಡಿದರೆ ಲಿಂಕ್ ಬದಲಾಗುವುದಿಲ್ಲ. ವೀಡಿಯೋವನ್ನು ಅಳಿಸಿ ಹೊಸದಾಗಿ ಏರಿಸಿದರೆ ಹೊಸ ಲಿಂಕ್ ಬರುತ್ತದೆ, ಆಗ ಈಗಾಗಲೇ ಹಂಚಿದ ಕ್ಯಾಪ್ಷನ್ ಎಲ್ಲ ಕಡೆಯೂ ವ್ಯರ್ಥವಾಗುತ್ತದೆ. ಒಂದು ಎಚ್ಚರ ಬೇಕು: ಉಳಿಸಿದ ಮೇಲೆ ಬದಲಾವಣೆ ಪೂರ್ಣಗೊಳ್ಳಲು ಕೆಲವು ಗಂಟೆಗಳು ಹಿಡಿಯಬಹುದು, ಅಲ್ಲಿಯವರೆಗೆ ಹಳೆಯ ವೀಡಿಯೋವೇ ಕಾಣುತ್ತಿರುತ್ತದೆ. ಅನೇಕರು 'ಸೇವ್' ಒತ್ತಿದ ತಕ್ಷಣ ಮತ್ತೆ Unlisted ಮಾಡಿ, ಕತ್ತರಿಸಿದ್ದೇವೆ ಎಂದು ನೆಮ್ಮದಿಯಾಗಿ ಮಲಗುತ್ತಾರೆ. ನೀವು ಆ 48ನೇ ನಿಮಿಷವನ್ನು ಸ್ವತಃ ನೋಡಿ, ಕಿವಿಯಿಂದಲೂ ಕೇಳಿ, ಅನಂತರವೇ ತೆರೆಯಿರಿ.

ಇನ್ನೊಂದು ಮಾತು. ರೈತರಿಗೆ ನೀವೇ ಫೋನ್ ಮಾಡಿ ನಡೆದುದನ್ನು ತಿಳಿಸಿರಿ. ಒಂದು ರಾತ್ರಿಯಿಡೀ ಅದು ತೆರೆದಿತ್ತು, ಯಾರು ಸ್ಕ್ರೀನ್‌ಶಾಟ್ ತೆಗೆದರೋ ನಮಗೆ ತಿಳಿಯದು. ವಿಮೆಯ ಹಣದ ಹೆಸರಿನಲ್ಲಿ ಯಾರಾದರೂ ಕರೆ ಮಾಡಿ ಒಟಿಪಿ ಕೇಳಿದರೆ ಕೊಡಬಾರದೆಂದು ಹೇಳಿ, ಬ್ಯಾಂಕಿಗೂ ಒಂದು ಮಾತು ತಿಳಿಸಲು ಹೇಳಿರಿ.

ಯಾದಗಿರಿಯ ಸದಸ್ಯ: ಮೇಡಂ, ನಮ್ಮ ತೊಗರಿಗೆ ಹೋದ ಸಲದ ವಿಮೆ ಹಣ ಇನ್ನೂ ಬಂದಿಲ್ಲ. ಯಾರಿಗೆ ಅರ್ಜಿ ಕೊಡಬೇಕು?

ಉತ್ತರ: ಅದು ನನ್ನ ಕ್ಷೇತ್ರವಲ್ಲ ಅಣ್ಣಾ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಸೇಡಂನ ಉಪನ್ಯಾಸಕಿ: ನಾವು ರೆಕಾರ್ಡಿಂಗನ್ನು ಗೂಗಲ್ ಡ್ರೈವಿನಲ್ಲಿ ಇಟ್ಟು ಲಿಂಕ್ ಕೊಟ್ಟೆವು. ಒತ್ತಿದವರಿಗೆಲ್ಲ Request access ಎಂದು ಬರುತ್ತಿದೆ.

ಉತ್ತರ: Share ಒತ್ತಿ, General access ಎಂಬಲ್ಲಿ Restricted ತೆಗೆದು Anyone with the link ಇಡಿರಿ. ಅನಂತರ ಲಿಂಕನ್ನು ನಿಮ್ಮ ಖಾತೆಯಿಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿರಿ, ನಿಮ್ಮ ಫೋನಿನಲ್ಲಿ ನಿಮಗೆ ಅದು ಸದಾ ತೆರೆಯುತ್ತದೆ.

ಚಿಂಚೋಳಿಯ ಸದಸ್ಯ: ಡ್ರೈವ್ ಲಿಂಕ್ ತೆರೆದರೆ ಅನುಮತಿ ಕೇಳುತ್ತದೆ, ಏನು ಮಾಡಲಿ?

ಉತ್ತರ: ಮೇಲಿನ ಉತ್ತರವನ್ನು ಓದಿರಿ.

ಬೀದರಿನ ನಿವೃತ್ತ ಶಿಕ್ಷಕರು: ಎಲ್ಲರೂ ಪಾಸ್‌ಬುಕ್ಕಿನ ಹಿಂದೆ ಬಿದ್ದಿದ್ದೀರಿ, ಕ್ಯಾಪ್ಷನ್ನಿನಲ್ಲಿರುವ ತಪ್ಪನ್ನು ಯಾರೂ ನೋಡಲಿಲ್ಲ. 2026ರ ಫೆಬ್ರವರಿ 15 ಶನಿವಾರವಲ್ಲ, ಭಾನುವಾರ. ಅಂದು ಮಹಾಶಿವರಾತ್ರಿ. ಉಪವಾಸ, ಜಾಗರಣೆ ಬಿಟ್ಟು ಸಂಜೆ 6ಕ್ಕೆ ಯಾರು ನಿಮ್ಮ ಜೂಮಿಗೆ ಬರುತ್ತಾರೆ?

ಆಳಂದದ ಸಂಘಟಕ: ತಪ್ಪಾಯಿತು ಗುರುಗಳೇ. ನಾವು ಅಂದುಕೊಂಡದ್ದು 14ನೇ ತಾರೀಖು. ಸಂದೇಶವನ್ನು ತಿದ್ದಲು ಹೋದರೆ ತಿದ್ದುವ ಆಯ್ಕೆಯೇ ಕಾಣುತ್ತಿಲ್ಲ.

ಉತ್ತರ: ಗುರುಗಳು ಹಿಡಿದದ್ದು ಸರಿ, ನಾನೂ ಅದನ್ನು ಗಮನಿಸಿರಲಿಲ್ಲ. ವಾಟ್ಸಾಪಿನಲ್ಲಿ ತಿದ್ದಲು ಸಿಗುವುದು 15 ನಿಮಿಷ ಮಾತ್ರ, ಮತ್ತು ಫಾರ್ವರ್ಡ್ ಮಾಡಿದ ಪ್ರತಿಗಳು ಆಗಲೂ ತಿದ್ದುಪಡಿಯಾಗುವುದಿಲ್ಲ. ನಿಮ್ಮ ಒಂದೇ ಸಾಲನ್ನು ಜನರು ಮೂರು ರೀತಿ ಓದಬಹುದು. 'ಮುಂದಿನ ಶನಿವಾರ' ಎಂದರೆ ಜನವರಿ 31ರ ರಾತ್ರಿ ಓದಿದವರಿಗೆ ಫೆಬ್ರವರಿ 7, ಒಂದು ವಾರ ತಡವಾಗಿ ಓದಿದವರಿಗೆ 14, ಅಂಕಿಯನ್ನೇ ನಂಬಿದವರಿಗೆ 15. ಲಿಂಕನ್ನು ಹಿಂದಿನಿಂದ ಸರಿಪಡಿಸಬಹುದು, ದಿನಾಂಕವನ್ನು ಹಾಗೆ ಸರಿಪಡಿಸಲಾಗದು. ಅದಕ್ಕೆ ಹೊಸ ಸಂದೇಶವೇ ಬೇಕು, ಅದರ ಮೊದಲ ಸಾಲಿನಲ್ಲಿಯೇ 'ದಿನಾಂಕ ತಿದ್ದುಪಡಿ' ಎಂದಿರಬೇಕು. 'ನಾಳೆ', 'ಮುಂದಿನ ವಾರ' ಎಂಬ ಪದಗಳು ಫಾರ್ವರ್ಡ್ ಆಗುವ ಸಂದೇಶಕ್ಕೆ ಬೇಡ.

ಶಹಾಪುರದ ಸದಸ್ಯ: ಒಂದು ಗುಂಪಿನಲ್ಲಿ ಬಂದ ಉಪಾಯ: ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ನಿನಲ್ಲಿ ಲಿಂಕಿನ ಮುಂದೆ ಮೂರು ಚುಕ್ಕೆ ಇಟ್ಟರೆ ಅದು ಒತ್ತುವಂತಾಗುತ್ತದೆ. ಹಾಗೆಯೇ ಲಿಂಕನ್ನು ಚಿಕ್ಕದು ಮಾಡುವ ತಾಣದಲ್ಲಿ ಹಾಕಿ ಹಂಚಿದರೆ ಹೆಚ್ಚು ಜನಕ್ಕೆ ತಲುಪುತ್ತದೆ. ಎಲ್ಲರೂ ಬಳಸಿರಿ.

ಉತ್ತರ: ದಯವಿಟ್ಟು ಬಳಸಬೇಡಿರಿ. ಇನ್‌ಸ್ಟಾಗ್ರಾಮ್ ಪೋಸ್ಟಿನ ಕ್ಯಾಪ್ಷನ್ನಿನಲ್ಲಿ ಹಾಕಿದ ಲಿಂಕ್, ಮೂರಲ್ಲ ಮೂವತ್ತು ಚುಕ್ಕೆ ಇಟ್ಟರೂ, ಬರೀ ಅಕ್ಷರವಾಗಿಯೇ ಉಳಿಯುತ್ತದೆ. ಅಲ್ಲಿ ಲಿಂಕನ್ನು ಪ್ರೊಫೈಲಿನಲ್ಲಿ ಇಟ್ಟು, ಕ್ಯಾಪ್ಷನ್ನಿನಲ್ಲಿ ಹಾಗೆಂದು ತಿಳಿಸಬೇಕು. ಚಿಕ್ಕ ಲಿಂಕಿನ ಉಪಾಯವಂತೂ ಈ ವಿಷಯಕ್ಕೆ ಅಪಾಯವೇ ಸರಿ. ಸರ್ಕಾರಿ ಯೋಜನೆಯ ಹೆಸರು ಹೇಳಿ ಮೋಸದ ಎಪಿಕೆ ಕಡತಗಳನ್ನು ವಾಟ್ಸಾಪಿನಲ್ಲಿ ಕಳುಹಿಸುವವರಿದ್ದಾರೆ. ವಿಮೆಯ ಮಾತಿನ ಕೆಳಗೆ ಎಲ್ಲಿಗೆ ಹೋಗುತ್ತದೆಂದು ತಿಳಿಯದ ಲಿಂಕನ್ನು ಒತ್ತಲು ನಾವೇ ರೈತರಿಗೆ ರೂಢಿ ಮಾಡಿಸಬೇಕೆ? youtu.be ಎಂಬುದು ಕಣ್ಣಿಗೆ ಕಾಣುವಂತೆ ಪೂರ್ತಿ ಲಿಂಕ್ ಕೊಡಿರಿ. ಬಂದ ಉಪಾಯವನ್ನು ಒಮ್ಮೆ ಸ್ವತಃ ಮಾಡಿ ನೋಡಿ ಹಂಚಿರಿ.

ಶಹಾಪುರದ ಸದಸ್ಯ: ನನಗೆ ಬಂದದ್ದನ್ನು ಹಾಕಿದೆ ಅಷ್ಟೇ. ಇಷ್ಟು ಗದರಿಸುವ ಅಗತ್ಯವಿರಲಿಲ್ಲ.

ಕಲಬುರಗಿಯ ಬ್ಯಾಂಕ್ ಉದ್ಯೋಗಿ: ನನ್ನದೊಂದು ಆಕ್ಷೇಪವಿದೆ. ಜೂಮ್‌ನಲ್ಲಿ ರೆಕಾರ್ಡಿಂಗ್ ಆರಂಭವಾದಾಗ ಎಲ್ಲರಿಗೂ ತಿಳಿಯುತ್ತದೆ. ತಿಳಿದೂ ಆ ರೈತರು ಪಾಸ್‌ಬುಕ್ ಹಿಡಿದರೆಂದರೆ ಒಪ್ಪಿಗೆ ಕೊಟ್ಟಂತೆಯೇ ಆಯಿತಲ್ಲವೆ?

ಸೇಡಂನ ಉಪನ್ಯಾಸಕಿ: ಆ ಸೂಚನೆ ಬರುವುದು ಇಂಗ್ಲಿಷಿನಲ್ಲಿ ಸರ್. ಮಗನ ಫೋನಿನಲ್ಲಿ ಕುಳಿತ ರೈತರು ಅದನ್ನು ಓದಿ ಅರ್ಥ ಮಾಡಿಕೊಂಡರೆಂದು ಹೇಗೆ ಹೇಳುತ್ತೀರಿ? ಸಭೆಯಲ್ಲಿ ಇದ್ದವರಿಗೆ ತೋರಿಸಿದ್ದು ಬೇರೆ, ಆರು ಗುಂಪಿನ ಜನರಿಗೆ ತೋರಿಸುವುದು ಬೇರೆ.

ಕಲಬುರಗಿಯ ಬ್ಯಾಂಕ್ ಉದ್ಯೋಗಿ: ಹಾಗಾದರೆ ಪ್ರತಿಯೊಬ್ಬರಿಂದಲೂ ಸಹಿ ಪಡೆದು ಹಂಚಬೇಕೆ? ಯಾವ ರೆಕಾರ್ಡಿಂಗೂ ಹೊರಗೆ ಬರುವುದಿಲ್ಲ.

ಬೀದರಿನ ನಿವೃತ್ತ ಶಿಕ್ಷಕರು: ಬ್ಯಾಂಕಿನವರು ಪಾಸ್‌ಬುಕ್ಕಿನ ವಿಷಯದಲ್ಲಿ ಹೀಗೆ ಮಾತನಾಡುವುದು ಸೋಜಿಗ.

ಕಲಬುರಗಿಯ ಬ್ಯಾಂಕ್ ಉದ್ಯೋಗಿ: ಗುರುಗಳೇ, ವೈಯಕ್ತಿಕ ಟೀಕೆ ಬೇಡ.

ಉತ್ತರ: ಇಬ್ಬರೂ ಸ್ವಲ್ಪ ನಿಲ್ಲಿಸಿರಿ. ಸಹಿ ಬೇಕಿಲ್ಲ. ನಾನು ನಡೆಸುವ ಸಭೆಗಳಲ್ಲಿ ಉಪನ್ಯಾಸ ಮುಗಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿದೆ ಎಂದು ಕನ್ನಡದಲ್ಲಿ ಹೇಳಿ, ಪ್ರಶ್ನೆಗಳನ್ನು ಅನಂತರ ತೆಗೆದುಕೊಳ್ಳುತ್ತೇನೆ. ಅದರಿಂದ ಒಳ್ಳೆಯ ಪ್ರಶ್ನೋತ್ತರವೂ ಕಳೆದುಹೋಗುತ್ತದೆ, ಆ ನಷ್ಟವಿದೆ.

ಹುಮನಾಬಾದಿನ ಸದಸ್ಯೆ: ವೆಬಿನಾರಿನ ಪ್ರಮಾಣಪತ್ರ ಯಾವಾಗ ಬರುತ್ತದೆ?

ಆಳಂದದ ಸಂಘಟಕ: ಮೇಡಂ, ಕತ್ತರಿಸಿದ್ದು ಪೂರ್ಣವಾಯಿತು, ನೋಡಿ ಕೇಳಿ ಖಚಿತಪಡಿಸಿಕೊಂಡೆವು. ರೈತರಿಗೂ ಫೋನ್ ಮಾಡಿದೆವು, ಸೋಮವಾರ ಬ್ಯಾಂಕಿಗೆ ಹೋಗುತ್ತೇನೆಂದಿದ್ದಾರೆ. ಹೊಸ ಕ್ಯಾಪ್ಷನ್ ಹೀಗಿದೆ: "ದಿನಾಂಕ ತಿದ್ದುಪಡಿ. ತೊಗರಿ ಬೆಳೆ ವಿಮೆಯ ವೆಬಿನಾರಿಗೆ ಬಂದವರಿಗೆ ಶರಣು ಶರಣಾರ್ಥಿ, ಧನ್ಯವಾದಗಳು. ಪೂರ್ತಿ ರೆಕಾರ್ಡಿಂಗಿನ ಲಿಂಕ್ ಕೆಳಗಿದೆ. ಬೆಳೆ ಹಾನಿಯನ್ನು ಹೇಗೆ ತಿಳಿಸಬೇಕೆಂಬ ಉತ್ತರ 56:40ರಲ್ಲಿದೆ. ಮುಂದಿನ ಸಭೆ 14 ಫೆಬ್ರವರಿ 2026, ಶನಿವಾರ, ಸಂಜೆ 6 ಗಂಟೆಗೆ."

ಉತ್ತರ: ದಿನಾಂಕದ ಸಾಲು ಸರಿಯಾಗಿದೆ. ಆದರೆ 56:40 ಎಂಬುದು ಕತ್ತರಿಸುವ ಮೊದಲಿನ ಲೆಕ್ಕ. ನಡುವಿನಿಂದ 2 ನಿಮಿಷ 15 ಸೆಕೆಂಡ್ ತೆಗೆದಿರುವುದರಿಂದ ಆ ಉತ್ತರ ಈಗ 54:25ಕ್ಕೆ ಬಂದಿದೆ. ಲಿಂಕಿನ ಕೊನೆಗೆ `?t=3265` ಸೇರಿಸಿದರೆ ಒತ್ತಿದವರಿಗೆ ನೇರವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಲಿಂಕಿನಲ್ಲಿ ಮೊದಲೇ ಪ್ರಶ್ನಾರ್ಥಕ ಚಿಹ್ನೆ ಇದ್ದರೆ `&t=3265` ಎಂದು ಬರೆಯಿರಿ. ವೀಡಿಯೋದ ವಿವರಣೆಯಲ್ಲಿ ಅಧ್ಯಾಯಗಳ ಸಮಯ ಕೊಟ್ಟಿದ್ದರೆ 50ನೇ ನಿಮಿಷದ ಮುಂದಿನವೆಲ್ಲ ಹೀಗೆಯೇ ಹಿಂದಕ್ಕೆ ಸರಿದಿವೆ, ಅವನ್ನೂ ತಿದ್ದಿರಿ. 'ಪೂರ್ತಿ' ಎಂಬ ಪದವನ್ನು ತೆಗೆಯಿರಿ, ಅದು ಈಗ ಪೂರ್ತಿಯಲ್ಲ.

ಬಸವಕಲ್ಯಾಣದ ವಿದ್ಯಾರ್ಥಿ: ಒಂದೇ ಸಾಲಿನಲ್ಲಿ ಶರಣು ಶರಣಾರ್ಥಿ, ಧನ್ಯವಾದಗಳು ಎರಡೂ ಬೇಕೆ?

ಬೀದರಿನ ನಿವೃತ್ತ ಶಿಕ್ಷಕರು: ಶರಣಾರ್ಥಿ ಎಂಬುದು ವಂದನೆ, ಧನ್ಯವಾದ ಎಂಬುದು ಕೃತಜ್ಞತೆ. ಬಸವಕಲ್ಯಾಣದಲ್ಲಿ ಕುಳಿತು ಈ ಪ್ರಶ್ನೆ ಕೇಳುತ್ತೀಯಲ್ಲಪ್ಪಾ.

ಬಸವಕಲ್ಯಾಣದ ವಿದ್ಯಾರ್ಥಿ: ಅರ್ಥ ಕೇಳಲಿಲ್ಲ ಗುರುಗಳೇ, ಸಾಲು ಉದ್ದವಾಯಿತು ಎಂದೆ.

ಜೇವರ್ಗಿಯ ಸದಸ್ಯ: ನಮ್ಮ ಡ್ರೈವ್ ಲಿಂಕ್ ಒತ್ತಿದರೆ Request access ಬರುತ್ತಿದೆ, ಯಾರಾದರೂ ಹೇಳಿರಿ.

ಉತ್ತರ: ಮೂರನೆಯ ಸಲ. ಮೇಲೆ ನೋಡಿರಿ.

ಹುಮನಾಬಾದಿನ ಸದಸ್ಯೆ: ಪ್ರಮಾಣಪತ್ರದ ಬಗ್ಗೆ ಯಾರೂ ಹೇಳಲೇ ಇಲ್ಲ.